ಉತ್ತರ ಬೇಡದ ಸಂದೇಶ

2018ರ ಆಗಸ್ಟ್ ಮಧ್ಯಭಾಗದ ಮಳೆಗೆ ಮಡಿಕೇರಿ ಸುತ್ತಲಿನ ಗುಡ್ಡಗಳು ಜರಿದವು. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಮದೆನಾಡು, ಜೋಡುಪಾಲ ಎಂಬ ಹೆಸರುಗಳನ್ನು ಆವರೆಗೆ ಕೇಳಿರದವರೂ ಒಂದೆರಡು ದಿನದಲ್ಲಿ ಬಾಯಿಪಾಠ ಮಾಡಿಕೊಂಡರು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ತುಂಡಾಯಿತು. ಕರೆಂಟು ಹೋಯಿತು, ಅದರ ಹಿಂದೆಯೇ ಫೋನುಗಳೂ ಒಂದೊಂದಾಗಿ ಸತ್ತವು. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಕೂತು ಟಿವಿ ನೋಡುತ್ತಿದ್ದವರಿಗೆ ಉಳಿದದ್ದು ಒಂದೇ ದಾರಿ: ಗೊತ್ತಿದ್ದ ನಂಬರಿಗೆಲ್ಲ ಸಂದೇಶ ಕಳಿಸುವುದು.

ಆ ಸಂದೇಶಗಳು ಇನ್ನೊಂದು ತುದಿಯಲ್ಲಿ ಹೇಗೆ ತಲುಪುತ್ತವೆ ಎಂಬುದನ್ನು ನಾವು ಯೋಚಿಸುವುದು ಕಡಿಮೆ. ತೋಟದ ಮನೆ ಬಿಟ್ಟು, ಕೈಗೆ ಸಿಕ್ಕ ಬಟ್ಟೆ ಹಿಡಿದು, ಮಕ್ಕಳನ್ನು ಎತ್ತಿಕೊಂಡು ನಡೆದು ಬಂದವರು ಒಂದು ಕಲ್ಯಾಣ ಮಂಟಪದ ಪರಿಹಾರ ಕೇಂದ್ರ ಸೇರಿರುತ್ತಾರೆ. ಅಲ್ಲಿನ ಒಂದು ಪ್ಲಗ್ಗಿಗೆ ಹತ್ತು ಫೋನು ಕಾಯುತ್ತಿರುತ್ತವೆ. ತಮ್ಮ ಸರದಿ ಬಂದು ಫೋನು ಹೊತ್ತಿಕೊಂಡ ಕ್ಷಣಕ್ಕೆ ಎರಡು ದಿನದ ಸಂದೇಶಗಳು ಒಮ್ಮೆಗೇ ಬಂದು ಬೀಳುತ್ತವೆ. ‘ಎಲ್ಲಿದ್ದೀಯ?’, ‘ಮನೆ ಇದೆಯಾ?’, ‘ಯಾಕೆ ಉತ್ತರ ಕೊಡ್ತಿಲ್ಲ?’, ‘ಕೂಡಲೇ ಫೋನ್ ಮಾಡು.’ ಕಳಿಸಿದ ಪ್ರತಿಯೊಬ್ಬರದೂ ನಿಜವಾದ ಕಾಳಜಿಯೇ. ಆದರೆ ಓದುವವರ ಪಾಲಿಗೆ ಅವೆಲ್ಲ ಸೇರಿ, ಬ್ಯಾಟರಿ ಐದು ಪರ್ಸೆಂಟ್ ಇರುವಾಗ ಮಾಡಿ ಮುಗಿಸಬೇಕಾದ ಕೆಲಸಗಳ ಪಟ್ಟಿಯಾಗುತ್ತವೆ. ಹೀಗಾಗಿ ವಿಪತ್ತಿನ ನಂತರದ ಸಂದೇಶವನ್ನು ಬರೆಯುವಾಗ ನಾನು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳುವ ಪ್ರಶ್ನೆ, ಇದು ಓದುವವರಿಂದ ಏನು ಕೇಳುತ್ತಿದೆ ಎಂಬುದು. ಏನನ್ನೂ ಕೇಳದೆ, ಕೊಡುವುದನ್ನಷ್ಟೇ ಕೊಟ್ಟು ಹೋಗುವ ಸಂದೇಶವೇ ಆ ಹೊತ್ತಿಗೆ ಒಳ್ಳೆಯ ಸಂದೇಶ.

ಗಾಬರಿ ಹುಟ್ಟುವುದು ಉತ್ತರ ಬಾರದ ಮೌನದಿಂದ. ಆ ಮೌನಕ್ಕೆ ಏನು ಕಾರಣ ಎಂದು ತಿಳಿದುಕೊಂಡರೆ ಗಾಬರಿಯ ಅರ್ಧ ಪಾಲು ಇಳಿಯುತ್ತದೆ. ಮೊಬೈಲ್ ಟವರಿಗೂ ಕರೆಂಟು ಬೇಕು. ಲೈನ್ ಹೋದರೆ ಅದು ತನ್ನ ಬ್ಯಾಟರಿಯ ಮೇಲೆ ಕೆಲವು ಗಂಟೆ ನಡೆಯುತ್ತದೆ, ಆಮೇಲೆ ಜನರೇಟರ್ ಇದ್ದರೆ ಡೀಸೆಲ್ ಮುಗಿಯುವವರೆಗೆ. ರಸ್ತೆ ಕುಸಿದಿದ್ದರೆ ಡೀಸೆಲ್ ತರುವ ಗಾಡಿ ಮೇಲೆ ಬರುವುದಿಲ್ಲ. ನೆಲದಡಿಯ ಕೇಬಲ್ ಮಣ್ಣಿನ ಜೊತೆ ಕಿತ್ತುಹೋಗಿದ್ದರಂತೂ ಟವರ್ ನಿಂತಿದ್ದರೂ ಪ್ರಯೋಜನವಿಲ್ಲ. ಅಂದರೆ ಸಂಪರ್ಕ ಪೂರ್ತಿ ಕಡಿದುಹೋಗುವುದು ಬಹಳ ಸಲ ಮಳೆ ಜೋರಾಗಿದ್ದ ರಾತ್ರಿಯಲ್ಲ, ಅದರ ಮರುದಿನ. ಬೆಳಿಗ್ಗೆ ‘ನಾವು ಆರಾಮ’ ಎಂದು ಹೇಳಿದ್ದ ಗೆಳೆಯ ಸಂಜೆಗೆ ಸಿಗದೇ ಹೋದರೆ ಅದಕ್ಕೆ ಇಂಥ ಸಾಮಾನ್ಯ ಕಾರಣವೇ ಇರುವ ಸಾಧ್ಯತೆ ಹೆಚ್ಚು.

ವಾಟ್ಸ್‌ಆ್ಯಪ್‌ನ ಒಂದೇ ಟಿಕ್ ನೋಡಿ ಎದೆ ಹೊಡೆದುಕೊಳ್ಳುವವರು ಬಹಳ. ಒಂದು ಟಿಕ್ ಎಂದರೆ ನಿಮ್ಮ ಸಂದೇಶ ಕಂಪನಿಯ ಸರ್ವರ್ ತಲುಪಿದೆ, ಅವರ ಫೋನಿಗೆ ಇನ್ನೂ ಇಳಿದಿಲ್ಲ ಎಂದಷ್ಟೇ ಅರ್ಥ. ಫೋನು ಆಫ್ ಆಗಿರಬಹುದು, ಡೇಟಾ ಇಲ್ಲದಿರಬಹುದು, ಚಾರ್ಜ್ ಉಳಿಸಲು ಅವರೇ ಡೇಟಾ ಬಂದ್ ಮಾಡಿರಬಹುದು. ಎರಡು ಟಿಕ್ ಬಂದರೆ ಫೋನೋ ಅದಕ್ಕೆ ಜೋಡಿಸಿದ ಇನ್ನೊಂದು ಸಾಧನವೋ ಎಲ್ಲೋ ಒಂದು ಕಡೆ ಜೀವಂತವಾಗಿ ನೆಟ್‌ವರ್ಕ್ ಹಿಡಿದಿದೆ ಎಂದು ತಿಳಿಯಬಹುದು. ಅದು ಯಾರ ಕೈಯಲ್ಲಿದೆ ಎಂದು ಹೇಳಲಾಗದು, ಆದರೂ ಅದು ಒಳ್ಳೆಯ ಸೂಚನೆ. ಟಿಕ್ ನೀಲಿಯಾಗಿಯೂ ಉತ್ತರ ಬರದಿದ್ದರೆ ಅದನ್ನು ಉಪೇಕ್ಷೆ ಎಂದುಕೊಳ್ಳಬಾರದು. ಓದಿದ್ದಾರೆ, ಬದುಕಿದ್ದಾರೆ, ಕೈ ಬಿಡುವಿಲ್ಲ. ನಿಮಗೆ ಬೇಕಿದ್ದ ಸುದ್ದಿ ಆ ಎರಡು ನೀಲಿ ಗೆರೆಗಳಲ್ಲೇ ಬಂದುಬಿಟ್ಟಿದೆ, ಮತ್ತೆ ಕೇಳುವ ಅಗತ್ಯ ಉಳಿದಿಲ್ಲ.

ಇಂಥ ಹೊತ್ತಿನಲ್ಲಿ ಫೋನ್ ಕರೆಗಿಂತ ಎಸ್‌ಎಂಎಸ್ ಮೇಲು, ಹಲವು ಸಲ ವಾಟ್ಸ್‌ಆ್ಯಪ್‌ಗಿಂತಲೂ ಮೇಲು. ಕರೆ ಹೋಗಬೇಕಾದರೆ ಎರಡೂ ಕಡೆ ಅದೇ ಕ್ಷಣಕ್ಕೆ ಜಾಗ ಖಾಲಿ ಇರಬೇಕು. ಉಳಿದಿರುವ ಒಂದೆರಡು ಟವರಿಗೆ ಇಡೀ ತಾಲ್ಲೂಕಿನ ಫೋನುಗಳು ಜೋತುಬಿದ್ದಿರುವಾಗ ಪ್ರತಿ ಕರೆಯೂ ಇನ್ನೊಬ್ಬರ ತುರ್ತು ಕರೆಗೆ ಅಡ್ಡ ನಿಲ್ಲುತ್ತದೆ. ಎಸ್‌ಎಂಎಸ್ ಹಾಗಲ್ಲ. ಅದು ಕಂಪನಿಯ ಕೇಂದ್ರದಲ್ಲಿ ಕಾದಿದ್ದು, ಫೋನು ನೆಟ್‌ವರ್ಕಿಗೆ ಬಂದಾಗ ಇಳಿಯುತ್ತದೆ. ಡೇಟಾ ಓಡದಷ್ಟು ಸಿಗ್ನಲ್ ಕ್ಷೀಣವಾಗಿದ್ದರೂ ನುಸುಳಿಕೊಂಡು ಹೋಗುತ್ತದೆ. ಆದರೆ ಕನ್ನಡದಲ್ಲಿ ಬರೆಯುವವರು ಒಂದು ಸಂಗತಿ ತಿಳಿದಿರಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸಿದರೆ ಕನ್ನಡ ಲಿಪಿಯಲ್ಲಿ ಹಿಡಿಸುವುದು 70 ಮಾತ್ರ. ಅದರಲ್ಲೂ ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. 70 ದಾಟಿದರೆ ಸಂದೇಶ ತುಂಡಾಗಿ ಹೋಗುತ್ತದೆ, ನೆಟ್‌ವರ್ಕ್ ಹದಗೆಟ್ಟಿರುವಾಗ ಒಂದು ತುಂಡು ತಲುಪಿ ಇನ್ನೊಂದು ದಾರಿಯಲ್ಲೇ ಉಳಿಯಬಹುದು. ‘ನಮ್ಮನೆಗೆ ಬಂದುಬಿಡಿ’ ಎಂಬ ಭಾಗ ತಲುಪದೆ ‘ಟಿವಿಯಲ್ಲಿ ನೋಡಿ ಗಾಬರಿಯಾಯಿತು’ ಎಂಬುದು ಮಾತ್ರ ತಲುಪಿದರೆ ಕಳಿಸಿ ಏನು ಬಂತು? ಎಸ್‌ಎಂಎಸ್ ಆದರೆ ಎರಡು ಮೂರು ಪುಟ್ಟ ವಾಕ್ಯಕ್ಕೆ ನಿಲ್ಲಿಸಬೇಕು. ವಾಯ್ಸ್ ನೋಟ್, ಫೋಟೊ, ವಿಡಿಯೊಗಳಂತೂ ಆ ದಿನಗಳಲ್ಲಿ ಬೇಡವೇ ಬೇಡ. ನಿಮ್ಮ ದನಿಯಲ್ಲಿ ಎಷ್ಟು ಪ್ರೀತಿಯಿದ್ದರೂ ಅದು ಡೌನ್‌ಲೋಡ್ ಆಗಬೇಕು, ಆಮೇಲೆ ಹತ್ತು ಜನರ ನಡುವೆ ಕಿವಿಗಿಟ್ಟು ಕೇಳಬೇಕು.

ಬರೆಯುವ ಮೊದಲು ಇನ್ನೊಂದು ಕೆಲಸವಿದೆ: ಅವರ ಊರು ಎಲ್ಲಿದೆ ಎಂದು ನೋಡಿಕೊಳ್ಳುವುದು. ಟಿವಿಗೆ ಜಿಲ್ಲೆ ಒಂದು ಹೆಸರು. ‘ಕೊಡಗು ಮುಳುಗಿತು’ ಎಂದು ಪರದೆಯ ಮೇಲೆ ಬಂದದ್ದೇ ತಡ, ವಿರಾಜಪೇಟೆ, ಗೋಣಿಕೊಪ್ಪ, ಕುಟ್ಟದವರ ಫೋನುಗಳೂ ಹೊಡೆದುಕೊಳ್ಳತೊಡಗುತ್ತವೆ. ಆದರೆ 2018ರಲ್ಲಿ ಗುಡ್ಡಗಳು ಜರಿದದ್ದು ಹೆಚ್ಚಾಗಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳ ಕಡೆ. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಬೆಟ್ಟ ಕುಸಿಯಿತು, ಕಾವೇರಿ ಉಕ್ಕಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ವರ್ಷ ಬದಲಾದರೆ ಜಾಗವೂ ಬದಲಾಗುತ್ತದೆ. ಅದೇ 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದಲ್ಲಿ ಮಲಪ್ರಭೆ ರಾಮದುರ್ಗವನ್ನೂ ನರಗುಂದದ ಕೊಣ್ಣೂರನ್ನೂ ಹೊಕ್ಕಳು, ಘಟಪ್ರಭೆ ಗೋಕಾಕವನ್ನು ನೀರಿಗಿಟ್ಟಳು. ಅಲ್ಲಿ ಮುಳುಗಿದ ಓಣಿಗೂ ಒಣಗಿದ ಓಣಿಗೂ ನಡುವಿನ ಅಂತರ ಒಂದು ಏರು ಮಾತ್ರ. ನಿಮ್ಮ ಗೆಳೆಯ ನದಿಯ ದಂಡೆಯವನೋ, ದಿನ್ನೆಯ ಮೇಲಿನವನೋ, ಬರೆಯ ಕೆಳಗಿನ ಮನೆಯವನೋ ಎಂದು ತಿಳಿದರೆ ಸಂದೇಶದ ಧಾಟಿಯೇ ಬದಲಾಗುತ್ತದೆ. ತೊಂದರೆಯೇ ಆಗದವರಿಗೆ ‘ಮಳೆ ಸುದ್ದಿ ನೋಡಿದೆ, ನಿಮ್ಮ ಕಡೆ ರಸ್ತೆ ಸರಿ ಇದೆಯಂತೆ, ಬಿಡುವಾದಾಗ ಮಾತಾಡೋಣ’ ಎಂದರೆ ಸಾಕು. ಅವರಿಗೆ ‘ಬದುಕಿದ್ದೀರಾ?’ ಎಂದು ಬರೆದರೆ ಅವರು ನಿಮ್ಮನ್ನು ಸಮಾಧಾನ ಮಾಡುವುದಕ್ಕೆ ಕೂರಬೇಕಾಗುತ್ತದೆ.

ಇನ್ನು ಒಂದು ಸಂದೇಶವನ್ನು ಸಾವಧಾನವಾಗಿ ಕಟ್ಟಿ ನೋಡೋಣ. ಮೈಸೂರಿನಲ್ಲಿರುವ ಒಬ್ಬಾಕೆ, ಹೆಸರು ಸುಮ ಎಂದಿಟ್ಟುಕೊಳ್ಳಿ. ಅವಳ ಕಾಲೇಜಿನ ಗೆಳತಿ ಮಕ್ಕಂದೂರಿನ ಕಡೆ ತೋಟದ ಮನೆಯಲ್ಲಿದ್ದಾಳೆ, ಮನೆಯಲ್ಲಿ ಅತ್ತೆ, ಮಾವ, ಗಂಡ, ಇಬ್ಬರು ಮಕ್ಕಳು. 2018ರ ಆಗಸ್ಟ್ 17, ಶುಕ್ರವಾರ ಸಂಜೆ. ಕೈ ತಾನಾಗಿ ಬರೆಯುವುದು ಇಂಥದ್ದನ್ನು:

‘ಅಯ್ಯೋ ಏನಾಯ್ತೇ? ಟಿವಿ ನೋಡಿ ಕೈಕಾಲು ನಡುಗ್ತಿದೆ. ಎಲ್ಲಿದ್ದೀಯ? ಮನೆ ಇದೆ ತಾನೇ? ಮಕ್ಕಳು ಹುಷಾರಾಗಿದ್ದಾರೆ ತಾನೇ? ಯಾಕೆ ಫೋನ್ ಎತ್ತುತ್ತಿಲ್ಲ? ಏನೂ ಆಗಿಲ್ಲ ಅಂತ ಒಂದು ಮಾತು ಹೇಳು, ಇಲ್ಲಾಂದ್ರೆ ನಂಗೆ ನಿದ್ದೆ ಬರಲ್ಲ.’

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಗೆಳತಿಯ ಕಡೆಯಿಂದ ಓದಿ. ಐದು ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ ಬೇರೆ ಉತ್ತರ ಬೇಕು. ಫೋನ್ ಎತ್ತದ್ದಕ್ಕೆ ವಿವರಣೆ ಕೊಡಬೇಕು. ಸುಮಳ ನಿದ್ದೆಯ ಹೊಣೆಯೂ ಅವಳ ಮೇಲೆಯೇ. ಇವೆಲ್ಲಕ್ಕಿಂತ ಕಷ್ಟದ್ದು, ‘ಏನೂ ಆಗಿಲ್ಲ ಅಂತ ಹೇಳು’ ಎಂಬ ಸಾಲು. ಒಂದು ವೇಳೆ ಏನಾದರೂ ಆಗಿದ್ದರೆ? ಹಿಂದಿನ ಬರೆ ಜರಿದು ಅಡುಗೆಮನೆ ಹೋಗಿದ್ದರೆ, ಮಾವ ಇನ್ನೂ ಸಿಕ್ಕಿಲ್ಲದಿದ್ದರೆ? ಆಗ ಅವಳು ಒಂದೋ ಸುಮಳಿಗೆ ಆಘಾತ ಕೊಡಬೇಕು, ಇಲ್ಲವೇ ಸುಳ್ಳು ಹೇಳಬೇಕು. ನಮ್ಮ ಆತಂಕದಲ್ಲಿ ನಾವು ಕೇಳುವ ಪ್ರಶ್ನೆ ಒಳ್ಳೆಯ ಸುದ್ದಿಗೆ ಮಾತ್ರ ಬಾಗಿಲು ತೆರೆದಿಟ್ಟಿರುತ್ತದೆ. ಕೆಟ್ಟದ್ದಾಗಿರುವವರು ಸುಮ್ಮನಾಗಿಬಿಡುವುದು ಹೀಗೆ, ನಮಗೆ ಅದು ತಿಳಿಯುವುದು ತಿಂಗಳ ಮೇಲೆ ಇನ್ಯಾರದೋ ಬಾಯಿಂದ.

ಈಗ ಇದನ್ನೇ ತಿರುಗಿಸಿ ಬರೆಯೋಣ.

‘ನಾನು ಕಣೇ, ಮೈಸೂರಿಂದ ಸುಮ. ಮಕ್ಕಂದೂರು ಕಡೆ ಬರೆ ಕುಸಿದಿರೋದು ಗೊತ್ತಾಯ್ತು. ಫೋನ್ ಮಾಡಬೇಡ, ಚಾರ್ಜ್ ಉಳಿಸ್ಕೋ. ಆದಾಗ 1 ಅಂತ ಕಳಿಸು, ಎಲ್ಲರೂ ಜೊತೇಲಿ ಇದ್ದೀರ ಅಂತ ತಿಳ್ಕೋತೀನಿ. 2 ಅಂದ್ರೆ ಸಹಾಯ ಬೇಕು ಅಂತ. ಏನೂ ಕಳಿಸದಿದ್ರೂ ಪರವಾಗಿಲ್ಲ. ನಮ್ಮನೆ ಮೇಲಿನ ರೂಮು ಖಾಲಿ ಇದೆ, ಆರು ಜನಕ್ಕೂ ಆಗುತ್ತೆ. ಕೇಳದೇ ಬಂದುಬಿಡಿ.’

ಮೊದಲು ಹೆಸರು. ಫೋನು ನೀರಿಗೆ ಬಿದ್ದು ಸಿಮ್ ಬೇರೆ ಹ್ಯಾಂಡ್‌ಸೆಟ್‌ಗೆ ಹೋಗಿದ್ದರೆ ಅದರಲ್ಲಿ ಯಾರ ಹೆಸರೂ ಸೇವ್ ಆಗಿರುವುದಿಲ್ಲ. ‘ಹೇಗಿದ್ದೀಯ?’ ಎಂದು ಹತ್ತು ಅಂಕಿಗಳ ನಂಬರಿನಿಂದ ಬಂದರೆ ಅದು ಯಾರೆಂದು ಅವಳಿಗೆ ತಿಳಿಯುವುದು ಹೇಗೆ? ಆಮೇಲೆ, ಗೊತ್ತಿರುವ ಸಂಗತಿಯನ್ನು ಹೇಳಿಬಿಡುವುದು. ‘ಬರೆ ಕುಸಿದಿರೋದು ಗೊತ್ತಾಯ್ತು’ ಎಂದ ಮೇಲೆ ಅವಳು ಕಥೆಯನ್ನು ಮೊದಲಿಂದ ಹೇಳಬೇಕಿಲ್ಲ. ಒಂದು ಅಂಕಿಯ ಉತ್ತರ ಬೆಟ್ಟದ ಅಂಚಿನಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಕ್ಕಾಗಲೂ ಹೋಗುತ್ತದೆ. 1 ಎಂಬುದಕ್ಕೆ ‘ಎಲ್ಲ ಚೆನ್ನಾಗಿದೆ’ ಎಂಬ ಅರ್ಥ ಕೊಡದೆ ‘ಜೊತೆಯಲ್ಲಿದ್ದೇವೆ’ ಎಂಬ ಅರ್ಥ ಕೊಟ್ಟದ್ದನ್ನು ಗಮನಿಸಿ. ಮನೆ ಹೋದವಳೂ ನಿಜ ಬಿಡದೆ 1 ಕಳಿಸಬಹುದು. 2 ಎಂದು ಬಂದರೆ ಸುಮ ಏನು ಮಾಡಬೇಕೆಂಬುದಕ್ಕೆ ಮುಂದೆ ಬರುತ್ತೇನೆ. ಏನು ಮಾಡಬೇಕೆಂದು ಗೊತ್ತಿಲ್ಲದಿದ್ದರೆ ಆ ಸಾಲನ್ನು ಬರೆಯಲೇ ಬಾರದು.

ಕೊನೆಯದು ನೆರವಿನ ಮಾತು. ‘ಏನು ಬೇಕಾದ್ರೂ ಕೇಳು’ ಎನ್ನುವುದು ದೊಡ್ಡ ಮನಸ್ಸಿನಂತೆ ಕಂಡರೂ ಕೇಳುವ ಮುಜುಗರವನ್ನು ಅವಳಿಗೇ ಬಿಡುತ್ತದೆ. ಕೊಡಗಿನವರು ಅಷ್ಟು ಸುಲಭಕ್ಕೆ ಕೇಳುವ ಜನವೂ ಅಲ್ಲ. ಖಾಲಿ ಇರುವ ರೂಮು, ಅದರಲ್ಲಿ ಹಿಡಿಯುವ ಜನ, ಕೇಳದೇ ಬರಬಹುದು ಎಂಬ ಸಲಿಗೆ, ಇವು ಹಿಡಿಯಲು ಸಿಗುವ ಮಾತುಗಳು. ಮಾಡಲಾಗುವುದನ್ನೇ ಹೇಳಬೇಕು. ‘ಈಗಲೇ ಕಾರು ತಗೊಂಡು ಹೊರಟೆ’ ಎಂಬುದು ಆ ಶುಕ್ರವಾರ ಯಾರಿಗೂ ಬೇಡದ ನೆರವು. ಕುಸಿಯುತ್ತಿರುವ ಘಾಟಿಯಲ್ಲಿ ಇನ್ನೊಂದು ಕಾರು ಸಿಕ್ಕಿಕೊಂಡರೆ ಅದನ್ನೂ ಸೈನಿಕರೇ ಬಿಡಿಸಬೇಕು.

ಎಸ್‌ಎಂಎಸ್‌ಗಾಗಿ ಇದನ್ನೇ ಹಿಂಡಿದರೆ ‘ಮೈಸೂರಿಂದ ಸುಮ. ಸುದ್ದಿ ತಿಳೀತು. ಫೋನ್ ಬೇಡ. ಆದಾಗ 1 ಕಳಿಸು, ಸಾಕು.’ ಎಂದಾಗುತ್ತದೆ. ಇದು 70ರ ಒಳಗೇ ಇದೆ.

ಹಿರಿಯರಿಗೆ ಬರೆಯುವಾಗ ಮಾತು ಬೇರೆಯಾದರೂ ಅಚ್ಚು ಇದೇ. ಕುಶಾಲನಗರದಲ್ಲಿರುವ ನಿವೃತ್ತ ಮೇಷ್ಟ್ರಿಗೆ ‘ಸರ್, ನಾನು ನಿಮ್ಮ ಹಳೆಯ ವಿದ್ಯಾರ್ಥಿ. ಹೊಳೆ ಬಂದ ಸುದ್ದಿ ಕೇಳಿದೆ. ತಾವು ಫೋನ್ ಮಾಡುವ ತೊಂದರೆ ತೆಗೆದುಕೊಳ್ಳಬೇಡಿ. ನಿಮ್ಮ ಬಿಪಿ ಮಾತ್ರೆ ಅಲ್ಲಿ ಸಿಗದಿದ್ದರೆ ಹೆಸರು ಮಾತ್ರ ಕಳಿಸಿ, ಬಸ್ಸಿಗೆ ಹಾಕುತ್ತೇನೆ’ ಎನ್ನಬಹುದು. ರಾಮದುರ್ಗದ ಕಡೆಯ ಅಕ್ಕನಂಥವರಿಗೆ ಧಾರವಾಡದಿಂದ ಬರೆಯುವವರು ‘ಅಕ್ಕಾರ, ಫೋನ್ ಮಾಡೂದು ಬ್ಯಾಡ್ರಿ. ಕರೆಂಟ್ ಬಂದಾಗ ಒಂದ್ ಮೆಸೇಜ್ ಹಾಕ್ರಿ ಸಾಕ್ರಿ’ ಎಂದರೆ ಆ ಎರಡು ಸಾಲಿನಲ್ಲೇ ಮನೆಯವರ ದನಿ ಕೇಳುತ್ತದೆ. ವರ್ಷಗಳಿಂದ ಮಾತಿಲ್ಲದ ಹಳೆಯ ಗೆಳೆಯರಾದರೆ? ಬರೆಯಬಹುದು, ಆದರೆ ಮೊದಲ ಎರಡು ದಿನ ಬಿಟ್ಟು. ‘ಇಷ್ಟು ದಿನ ಫೋನ್ ಮಾಡಲಿಲ್ಲ, ಬೇಜಾರು ಮಾಡ್ಕೋಬೇಡ’ ಎಂದು ಶುರುಮಾಡಿದರೆ ‘ಛೇ, ಪರವಾಗಿಲ್ಲ ಬಿಡು’ ಎನ್ನುವ ಕೆಲಸ ಅವರದಾಗುತ್ತದೆ. ಆ ಲೆಕ್ಕವನ್ನು ಮಳೆಗಾಲ ಕಳೆದ ಮೇಲೆ ತೀರಿಸಿಕೊಳ್ಳಬಹುದು.

ಕಾಲೇಜಿನ ಗುಂಪಿನಲ್ಲಿ ನಲವತ್ತು ಜನರಿದ್ದರೆ ನಲವತ್ತೂ ಜನ ಕೇಳಬೇಕೇ? ಒಬ್ಬರು ಕೇಳಿದರೆ ಸಾಕು. ಯಾರು ಕೇಳುತ್ತಾರೆಂದು ಉಳಿದವರು ಮಾತಾಡಿಕೊಂಡು, ಆಕೆ ತಂದ ಸುದ್ದಿಯನ್ನು ನಂಬಿ ಕೂರಬೇಕು. ಹಾಗೆ ಮುಂದಾದವರು ಗೆಳತಿಗೆ ‘ಗುಂಪಿಗೆ ನಾನೇ ಹೇಳ್ತೀನಿ, ಎಷ್ಟು ಹೇಳಲಿ?’ ಎಂದು ಕೇಳಿದರೆ ಅವಳಿಗೆ ಮೂವತ್ತೊಂಬತ್ತು ಉತ್ತರಗಳ ಹೊರೆ ಇಳಿಯುತ್ತದೆ. ಜಪಾನಿನಲ್ಲಿ 1995ರ ಕೋಬೆ ಭೂಕಂಪದ ವೇಳೆ ಕ್ಷೇಮ ವಿಚಾರಿಸುವ ಕರೆಗಳಿಂದಲೇ ಫೋನ್ ವ್ಯವಸ್ಥೆ ಕಟ್ಟಿಹೋಗಿತ್ತು. ಆಮೇಲೆ ಅಲ್ಲಿ 171 ಎಂಬ ಸಂಖ್ಯೆ ಬಂತು. ಸಂತ್ರಸ್ತರು ಅದಕ್ಕೆ ಕರೆಮಾಡಿ ತಮ್ಮ ಮನೆಯ ನಂಬರಿನ ಹೆಸರಲ್ಲಿ ಒಂದು ಮಾತು ದಾಖಲಿಸಿಟ್ಟರೆ, ಆ ನಂಬರ್ ಗೊತ್ತಿದ್ದವರೆಲ್ಲ ಕೇಳಿಸಿಕೊಳ್ಳಬಹುದು. ಒಂದು ಸಲ ಹೇಳಿದ್ದು ಎಲ್ಲರಿಗೂ ತಲುಪುತ್ತದೆ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ಫೇಸ್‌ಬುಕ್ ‘ನಾನು ಸುರಕ್ಷಿತ’ ಎಂದು ಗುರುತು ಹಾಕುವ ಸೌಲಭ್ಯ ತೆರೆದದ್ದೂ ಇದೇ ಉದ್ದೇಶಕ್ಕೆ. ಬೆಂಗಳೂರಿನ ಎಷ್ಟೋ ಮನೆಗಳಿಗೆ ಚೆನ್ನೈನ ಮಕ್ಕಳ ಸುದ್ದಿ ಮೊದಲು ಸಿಕ್ಕದ್ದು ಹಾಗೆ. ನಮ್ಮ ಹಳ್ಳಿಗಳಿಗೆ ಅಂಥ ವ್ಯವಸ್ಥೆ ಇಲ್ಲದಿದ್ದರೂ, ಆ ಕೆಲಸವನ್ನು ಹೊತ್ತುಕೊಳ್ಳುವ ಒಬ್ಬ ಗೆಳತಿ ಪ್ರತಿ ಗುಂಪಿನಲ್ಲೂ ಸಿಗುತ್ತಾಳೆ.

ಹೊರದೇಶದಲ್ಲಿರುವವರಿಗೆ ಇದು ಇನ್ನೂ ಮುಖ್ಯ. ಅಮೆರಿಕದಲ್ಲಿ ಹಗಲಾಗಿ ಸುದ್ದಿ ಕಣ್ಣಿಗೆ ಬೀಳುವ ಹೊತ್ತಿಗೆ ಇಲ್ಲಿ ನಡುರಾತ್ರಿ. ಎರಡು ರಾತ್ರಿ ನಿದ್ದೆಗೆಟ್ಟವರು ಮೂರನೆಯ ರಾತ್ರಿ ಕಣ್ಣು ಮುಚ್ಚಿದಾಗ ಫೋನು ಹೊಡೆದುಕೊಂಡರೆ ಅವರಿಗೆ ಮೊದಲು ತೋಚುವುದು ಮತ್ತೆ ಗುಡ್ಡ ಬಂತು ಎಂದೇ.

ಸುದ್ದಿಯ ಫಾರ್ವರ್ಡ್‌ಗಳನ್ನು ಕ್ಷೇಮದ ಸಂದೇಶದ ಜೊತೆ ಸೇರಿಸಿ ಕಳಿಸಬೇಡಿ. ಚೆನ್ನೈ ನೆರೆಯ ವೇಳೆ ಮೊಸಳೆ ಪಾರ್ಕಿನಿಂದ ಮೊಸಳೆಗಳು ತಪ್ಪಿಸಿಕೊಂಡಿವೆ ಎಂಬ ಸುಳ್ಳು ಹರಡಿ, ಪಾರ್ಕಿನವರು ಹಾಗೇನೂ ಇಲ್ಲ ಎಂದು ಹೇಳಬೇಕಾಯಿತು. ಎದೆಮಟ್ಟದ ನೀರಿನಲ್ಲಿ ನಡೆಯುತ್ತಿದ್ದವರು ಅದನ್ನು ಓದಿದಾಗ ಹೇಗಾಗಿರಬೇಕು! ಅಣೆಕಟ್ಟು ಒಡೆಯಿತಂತೆ, ಇನ್ನೂ ಮೂರು ದಿನ ಭಾರೀ ಮಳೆಯಂತೆ ಎಂಬ ‘ಅಂತೆ’ಗಳು ಅಲ್ಲಿರುವವರಿಗೆ ನಮಗಿಂತ ಮೊದಲೇ ತಲುಪಿರುತ್ತವೆ. ನಿಮ್ಮ ಹೆಸರಿನಿಂದ ಬಂದರೆ ಅವರು ಅದನ್ನು ನಂಬಿಬಿಡುತ್ತಾರೆ, ಅದೇ ಅಪಾಯ.

ಈಗ ಉತ್ತರ ಬಾರದೇ ಹೋದರೆ ಎಂಬ ಮಾತು. ಮೊದಲ ಸಂದೇಶದ ಮೇಲೆ ಒಂದು ಹಗಲು, ಒಂದು ರಾತ್ರಿ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಆ ಮಧ್ಯೆ ಅವರಿಗೆ ಮತ್ತೆ ಬರೆಯದೆ, ಅಕ್ಕಪಕ್ಕದ ದಾರಿಗಳನ್ನು ಹುಡುಕಬಹುದು: ಅದೇ ಊರಿನ ಇನ್ನೊಬ್ಬರು, ಪೇಟೆಯಲ್ಲಿರುವ ನೆಂಟರು, ತೋಟಕ್ಕೆ ಬರುವವರು, ಸೊಸೈಟಿಯ ಗುಮಾಸ್ತ. ಜೋಡುಪಾಲದ ಕಡೆಯ ಅನೇಕರು ಮಡಿಕೇರಿಗೆ ಹತ್ತಲಾಗದೆ ಕೆಳಗೆ ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಪರಿಹಾರ ಕೇಂದ್ರಗಳನ್ನು ಸೇರಿದರು. ಮಡಿಕೇರಿಯ ಕೇಂದ್ರದಲ್ಲಿ ಹೆಸರು ಇಲ್ಲ ಎಂದರೆ ಆ ಮನುಷ್ಯ ಇಲ್ಲ ಎಂದಲ್ಲ, ಬೇರೆ ಜಿಲ್ಲೆಯ ಪಟ್ಟಿಯಲ್ಲಿರಬಹುದು. ಆಮೇಲೂ ಸುಳಿವಿಲ್ಲ, ಅವರ ಊರು ನಿಜವಾಗಿಯೂ ಕುಸಿದ ಜಾಗದಲ್ಲೇ ಇದೆ ಎಂದಾದರೆ ಜಿಲ್ಲಾಡಳಿತದ ನಿಯಂತ್ರಣ ಕೊಠಡಿಗೆ ಹೇಳಬೇಕು. 1077 ಜಿಲ್ಲಾ ಮಟ್ಟದ ಸಂಖ್ಯೆ. ಬೇರೆ ಊರಿನಿಂದ ಬರೀ 1077 ಒತ್ತಿದರೆ ನೀವಿರುವ ಜಿಲ್ಲೆಯವರು ಎತ್ತಬಹುದು, ಆದ್ದರಿಂದ ಆ ಜಿಲ್ಲೆಯ ಕೊಠಡಿಯ ಸ್ಥಿರ ದೂರವಾಣಿ ಸಂಖ್ಯೆಯನ್ನೂ ಹುಡುಕಿಕೊಳ್ಳಿ. ಗೆಳತಿಯಿಂದ 2 ಎಂದು ಬಂದರೂ ಕೂಡಲೇ ಮಾಡಬೇಕಾದದ್ದು ಇದೇ.

ಅಲ್ಲಿ ಫೋನ್ ಎತ್ತಿದವರಿಗೆ ‘ನಮ್ಮ ಫ್ರೆಂಡ್ ಕಾಣ್ತಿಲ್ಲ ಸರ್’ ಎಂದರೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಮನೆ ಯಜಮಾನರ ಹೆಸರು, ಗ್ರಾಮ, ಮನೆ ಗುರುತಿಸಲು ಹತ್ತಿರದ ದೇವಸ್ಥಾನವೋ ಶಾಲೆಯೋ ಎಸ್ಟೇಟೋ, ಎಷ್ಟು ಜನ, ಅವರಲ್ಲಿ ವಯಸ್ಸಾದವರು, ಕೂಸುಗಳು, ಕಾಯಿಲೆಯವರು ಎಷ್ಟು, ಕೊನೆಯ ಬಾರಿ ಮಾತಾಡಿದ್ದು ಯಾವಾಗ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಫೋನ್ ಮಾಡಬೇಕು. ಅವರು ಸಿಕ್ಕಿದ ಮೇಲೆ ಇನ್ನೊಂದು ಕರೆ ಮಾಡಿ ‘ಸಿಕ್ಕಿದ್ದಾರೆ, ಹೆಸರು ತೆಗೆಯಿರಿ’ ಎಂದು ಹೇಳುವುದನ್ನು ಹಲವರು ಮರೆಯುತ್ತಾರೆ. ಮರೆತರೆ ಸುರಕ್ಷಿತವಾಗಿರುವವರಿಗಾಗಿ ಯಾರೋ ಮಳೆಯಲ್ಲಿ ಹುಡುಕುತ್ತಲೇ ಇರುತ್ತಾರೆ.

ಉತ್ತರ ಬಂದಾಗ ಏನನ್ನಬೇಕು ಎಂಬುದು ಕಳಿಸುವಷ್ಟೇ ಕಷ್ಟ. ‘1’ ಬಂದರೆ ‘ಸಿಕ್ತು. ಇನ್ನು ಮಲಗು’ ಎಂದರೆ ಮುಗಿಯಿತು. ಅಲ್ಲಿಂದಲೇ ಎರಡನೆಯ ಸುತ್ತಿನ ಪ್ರಶ್ನೆ ಶುರುಮಾಡಬಾರದು. ‘ಮನೆ ಹೋಯ್ತು ಕಣೇ’ ಎಂದು ಬಂದರೆ ಬಾಯಿಗೆ ಮೊದಲು ಬರುವುದು ‘ಜೀವ ಉಳೀತಲ್ಲ, ಅಷ್ಟು ಸಾಕು’ ಎಂಬ ಮಾತು. ಆ ಮಾತನ್ನು ಅವರು ತಮಗೆ ತಾವೇ ಹೇಳಿಕೊಳ್ಳಬಹುದು, ನಾವು ಹೇಳುವಂತಿಲ್ಲ. ಮಾವ ಕಟ್ಟಿದ ಮನೆ, ಇಪ್ಪತ್ತು ವರ್ಷದ ಕಾಫಿ ಗಿಡ, ಕೊಟ್ಟಿಗೆಯಲ್ಲಿ ಬಿಟ್ಟು ಬಂದ ಹಸು, ಇವುಗಳಿಗೆ ಅಳುವ ಹಕ್ಕನ್ನು ಆ ಒಂದು ವಾಕ್ಯ ಕಿತ್ತುಕೊಳ್ಳುತ್ತದೆ. ‘ಓದಿದೆ. ನಿಂಗೆ ಮಾತಾಡಬೇಕು ಅನ್ನಿಸಿದಾಗ ನಾನಿದ್ದೀನಿ, ಎಷ್ಟೊತ್ತಾದ್ರೂ’ ಎಂದರೆ ಸಾಕು. ಎಷ್ಟು ಲಾಸ್ ಆಯಿತು ಎಂದು ಕೇಳಬೇಡಿ, ಕುಸಿದ ಮನೆಯ ಫೋಟೊ ಕಳಿಸು ಎನ್ನಬೇಡಿ. ಅವರಾಗಿ ಕಳಿಸಿದ ಫೋಟೊವನ್ನು ಅವರನ್ನು ಕೇಳದೆ ಇನ್ನೊಂದು ಗುಂಪಿಗೆ ಹಾಕಬೇಡಿ. ಆ ಫೋಟೊ ಸುತ್ತಿ ಸುತ್ತಿ, ಊರಿಗೆ ಹೊರಗಿರುವ ಮಗನ ಕೈಗೆ ಅಮ್ಮ ಹೇಳುವ ಮೊದಲೇ ತಲುಪಿಬಿಡಬಹುದು.

ಮೊದಲ ವಾರ ಎಲ್ಲರೂ ಬರೆಯುತ್ತಾರೆ. ಮೂರನೆಯ ವಾರಕ್ಕೆ ಟಿವಿ ಬೇರೆ ಸುದ್ದಿಗೆ ಹೋಗಿರುತ್ತದೆ, ಸಂದೇಶಗಳೂ ನಿಂತಿರುತ್ತವೆ. ನಿಜವಾಗಿ ಬರೆಯಬೇಕಾದ ಕಾಲ ಆಗ ಶುರುವಾಗುತ್ತದೆ. ಕಾಳಜಿ ಕೇಂದ್ರ ಮುಚ್ಚುವ ದಿನ ಹತ್ತಿರ ಬಂದಿರುತ್ತದೆ, ಬಾಡಿಗೆ ಮನೆ ಹುಡುಕಬೇಕು, ಹಾನಿಯ ಸರ್ವೆಗೆ ಗ್ರಾಮ ಆಡಳಿತ ಅಧಿಕಾರಿ ಯಾವಾಗ ಬರುತ್ತಾರೋ ಎಂದು ಕಾಯಬೇಕು. 2019ರ ನೆರೆಯ ನಂತರ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿ, ಹಾನಿಯ ಪ್ರಮಾಣ ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ತಮ್ಮ ಮನೆ ಯಾವ ಪಟ್ಟಿಗೆ ಬಿತ್ತು ಎಂಬ ಒಂದೇ ಚಿಂತೆಯಲ್ಲಿ ಎಷ್ಟೋ ಕುಟುಂಬಗಳು ತಿಂಗಳುಗಟ್ಟಲೆ ಕಳೆದವು. ಅಂಥ ದಿನಗಳಲ್ಲಿ ‘ಈಗ ಎಲ್ಲ ನಾರ್ಮಲ್ ಆಯ್ತಾ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಬದಲಿಗೆ ಹೀಗೆ ಬರೆಯಬಹುದು: ‘ನಿನ್ನ ಮಾರ್ಕ್ಸ್ ಕಾರ್ಡ್, ಆಧಾರ್ ಕಾಪಿ ಹಿಂದೆ ಒಮ್ಮೆ ನಂಗೆ ಮೇಲ್ ಮಾಡಿದ್ದೆ. ಹುಡುಕಿ ಇಟ್ಟಿದ್ದೀನಿ. ಬೇಕಾದಾಗ ಹೇಳು, ಪ್ರಿಂಟ್ ತೆಗೆದು ಕಳಿಸ್ತೀನಿ.’ ನೀರಲ್ಲಿ ಕಾಗದಪತ್ರ ಕಳೆದುಕೊಂಡವರಿಗೆ ಇದರಷ್ಟು ಉಪಯೋಗದ ಸಂದೇಶ ಬೇರೊಂದಿರಲಾರದು. ಗೆಳೆಯರ ಹಳೆಯ ಮೇಲ್‌ಗಳಲ್ಲಿ, ಫೋಟೊಗಳಲ್ಲಿ ಇಂಥವು ಎಷ್ಟೋ ಬಿದ್ದಿರುತ್ತವೆ. ಮದುವೆಯ ಫೋಟೊ ಇದ್ದರೆ ಅದನ್ನೂ ತೆಗೆದಿಡಿ, ಆದರೆ ಈಗಲೇ ಕಳಿಸಬೇಡಿ, ಅವರು ಕೇಳಿದಾಗ ಕೊಡಿ.

ಅಷ್ಟರ ಮಧ್ಯೆ ಮಳೆಯ ಮಾತೇ ಇಲ್ಲದ ಸಂದೇಶವೂ ಬೇಕು. ಮಗಳು ಯಾವ ಕ್ಲಾಸು, ಆ ಹೋಟೆಲಿನ ತಿಂಡಿ ಈಗಲೂ ಹಾಗೇ ಇದೆಯಾ, ನಮ್ಮ ಲೆಕ್ಚರರ್ ರಿಟೈರ್ ಆದರಂತೆ. ಸಂತ್ರಸ್ತರು ಎಂಬ ಹೆಸರು ಒಮ್ಮೆ ಅಂಟಿದರೆ ಎಲ್ಲರೂ ಅದನ್ನೇ ನೋಡಿ ಮಾತಾಡುತ್ತಾರೆ. ಹಳೆಯ ಗೆಳತಿಯಾದರೂ ಹಳೆಯ ಹಾಗೆ ಮಾತಾಡಲಿ ಎಂದು ಅವರು ಕಾಯುತ್ತಿರುತ್ತಾರೆ.

ಮುಂದಿನ ಮಳೆಗಾಲವನ್ನೂ ನೆನಪಿಟ್ಟುಕೊಳ್ಳಿ. ಕೊಡಗಿನಲ್ಲಿ 2018ರ ಆಗಸ್ಟ್ ಆದ ಮೇಲೆ 2019ರ ಆಗಸ್ಟ್ ಬಂತು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟವೇ ಕುಸಿಯಿತು. ಅಲ್ಲಿಯ ಜನಕ್ಕೆ ಈಗ ಆಟಿ ತಿಂಗಳ ಎರಡನೆಯ ರಾತ್ರಿಯೂ ಮಳೆ ಬಿಡದಿದ್ದರೆ ನಿದ್ದೆ ಹತ್ತುವುದಿಲ್ಲ. ಹವಾಮಾನ ಇಲಾಖೆ ಆ ಜಿಲ್ಲೆಗೆ ರೆಡ್ ಅಲರ್ಟ್ ಕೊಟ್ಟ ಸಂಜೆ, ಇನ್ನೂ ಕರೆಂಟ್ ಇರುವಾಗಲೇ, ಮೂರು ಸಾಲು ಬರೆದಿಡಿ: ‘ಇವತ್ತು ಜೋರು ಮಳೆಯಂತೆ. ಪವರ್‌ಬ್ಯಾಂಕ್ ಚಾರ್ಜಿಗೆ ಹಾಕಿಡು. ನೆಟ್‌ವರ್ಕ್ ಹೋದ್ರೆ ನಿನ್ನ ಸುದ್ದಿಗೆ ನಾನು ಯಾರಿಗೆ ಫೋನ್ ಮಾಡಲಿ, ಆ ನಂಬರ್ ಈಗಲೇ ಕಳಿಸು.’ ಉತ್ತರವಾಗಿ ಪೇಟೆಯಲ್ಲಿರುವ ಅವಳ ನಾದಿನಿಯ ನಂಬರೋ, ಪಕ್ಕದ ಎಸ್ಟೇಟಿನ ರೈಟರ ನಂಬರೋ ಬರುತ್ತದೆ. ಅದನ್ನು ಫೋನಿನಲ್ಲಿ ಸೇವ್ ಮಾಡಿ, ಒಂದು ಕಾಗದದ ಮೇಲೂ ಬರೆದುಕೊಳ್ಳಿ.